ಸ್ತ್ರೀಶಕ್ತಿ ಸಂಘಗಳ ಮೌಲ್ಯಮಾಪನಕ್ಕೆ ಟಿಒಆರ್ ಬರೀತಾ ಇದೀನಿ: ಯಾವ ಪಟ್ಟಿಯಿಂದ ಸಂಘ ಆರಿಸಬೇಕು?

ಬೆಣ್ಣೆಹಳ್ಳ (ಗದಗ) · ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಒಂದು ಸರ್ಕಾರಿ ಕಚೇರಿಯೊಳಗ ಯೋಜನಾ ವಿಭಾಗದಾಗ ಇದೀನಿ. ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳ ಮೌಲ್ಯಮಾಪನ ಹೊರಗಿನ ಸಂಸ್ಥೆಯಿಂದ ಮಾಡಿಸಬೇಕು, ಅದಕ್ಕೆ ಟಿಒಆರ್, ಅಂದ್ರೆ ಆ ಸಂಸ್ಥೆ ಏನು ಕೆಲಸ ಹೆಂಗ ಮಾಡಬೇಕು ಅನ್ನೋ ವಿವರದ ಕಾಗದ, ತಯಾರು ಮಾಡು ಅಂತ ಸಾಹೇಬರು ಹೇಳಿದಾರೆ. ಟೈಮ್ ಎರಡು ವಾರ.

ಹಳೇ ಒಂದು ಟಿಒಆರ್ ಕೊಟ್ಟು "ಇದನ್ನ ನೋಡಿ ಮಾಡು" ಅಂದ್ರು. ಅದು ಕೃಷಿಹೊಂಡದ್ದು. ನನ್ನ ಮೊದಲ ಕರಡಿನಲ್ಲಿ ಎರಡು ಕಡೆ "ಫಲಾನುಭವಿ ರೈತರು" ಹಂಗೇ ಉಳಿದಿತ್ತು, ಮೇಡಂ ಒಬ್ಬರು ಕೆಂಪು ಪೆನ್ನಿನಿಂದ ಸುತ್ತು ಹಾಕಿ ಕಳಿಸಿದ್ರು.

ಈಗಿನ ಕರಡಿನ ಮುಖ್ಯ ಭಾಗ ಹಿಂಗಿದೆ: 9 ಉದ್ದೇಶ, 47 ಪ್ರಶ್ನೆ. ಮಾದರಿ ಅಂತ "ತಾಲ್ಲೂಕುವಾರು ಚಾಲ್ತಿಯಲ್ಲಿರುವ ಸಂಘಗಳ ಪಟ್ಟಿಯಿಂದ ಶೇ. 10ರಷ್ಟು ಸಂಘಗಳನ್ನು ಯಾದೃಚ್ಛಿಕವಾಗಿ ಆಯ್ಕೆ ಮಾಡುವುದು" ಅಂತ ಬರೆದಿದೀನಿ. ಕ್ಷೇತ್ರಕಾರ್ಯಕ್ಕೆ 30 ದಿನ. ಇದು ಸರಿ ಐತೇನು? ಇಲ್ಲಿ ಈ ಕೆಲಸ ಮಾಡಿದವರು ಇದ್ರೆ ಹೇಳಿ.

ಅಂಕಿಗಣಿತ (ಹುಬ್ಬಳ್ಳಿ) · ಸೋಮವಾರ ರಾತ್ರಿ 9:48

10% ಸಾಕಾಗುತ್ತೆ, ಎಲ್ಲಾ ಕಡೆ ಅದೇ ನಡೆಯೋದು. ಇನ್ನೂ ಗಟ್ಟಿ ಬೇಕಂದ್ರೆ ಸೂತ್ರ ಹಾಕಿ:

```
n = (1.96² × 0.5 × 0.5) / 0.05² = 384
```

384 ಮಹಿಳೆಯರು ಸಿಕ್ಕರೆ ಮುಗೀತು. ಒಂದು ಸಂಘದಲ್ಲಿ 15 ಜನ ಇರ್ತಾರೆ ಅಂದ್ರೆ 26 ಸಂಘ. ಮೂವತ್ತು ದಿನ ಬೇಡವೇ ಬೇಡ, ಹದಿನೈದು ದಿನದ ಕೆಲಸ. ಆದರೆ ಒಂದು ಬಿಟ್ಟಿದೀರಿ. ನಿಯಂತ್ರಣ ಗುಂಪು ಕಡ್ಡಾಯ. ಸಂಘ ಇಲ್ಲದ ಊರುಗಳನ್ನ ಆರಿಸಿ ಹೋಲಿಸದೇ ಇದ್ರೆ ಪರಿಣಾಮ ಅಂತ ಹೇಳೋಕೆ ಬರಲ್ಲ.

ಸಪ್ತಾಪುರದ ಅಕ್ಕ (ಧಾರವಾಡ) · ಸೋಮವಾರ ರಾತ್ರಿ 10:35

ಸಂಘ ಇಲ್ಲದ ಊರು ಗದಗ ಜಿಲ್ಲೆಯಲ್ಲಿ ಒಂದು ತೋರಿಸಿಕೊಡಪ್ಪಾ, ನಾನೂ ನೋಡ್ತೀನಿ. ಕಾರ್ಯಕ್ರಮ ಶುರುವಾಗಿದ್ದು 2000-01ರಲ್ಲಿ, ಅಂಗನವಾಡಿ ಟೀಚರ್‌ಗಳ ಕೈಯಿಂದ. ಅಂಗನವಾಡಿ ಇದ್ದಲ್ಲೆಲ್ಲ ಸಂಘ ಆಗಿದೆ. ಅದರ ಮೇಲೆ ಸಂಜೀವಿನಿ, ಅದರ ಮೇಲೆ ಖಾಸಗಿ ಸಂಘಗಳು. ಈಗ ಸಂಘಕ್ಕೆ ಸೇರದ ಹೆಂಗಸರು ಅಂದ್ರೆ ಒಂದೋ ತೀರಾ ಬಡವರು, ಕಂತು ಕಟ್ಟಲಾರದವರು, ಇಲ್ಲಾಂದ್ರೆ ಸಂಘದ ಹಂಗೇ ಬೇಡ ಅನ್ನುವಷ್ಟು ಇದ್ದವರು. ಅವರ ಜೊತೆ ಹೋಲಿಸಿದರೆ ಎರಡೂ ಕಡೆ ತಪ್ಪೇ ಬರುತ್ತೆ.

384ರ ವಿಷಯಕ್ಕೆ ನಾಳೆ ಬರ್ತೀನಿ. ಅದಕ್ಕಿಂತ ಮೊದಲು ಬೆಣ್ಣೆಹಳ್ಳ ಅವರೇ, ನಿಮ್ಮ ಕರಡಿನಲ್ಲಿ ಒಂದು ಪದ ಇಡೀ ಅಧ್ಯಯನವನ್ನ ಕೆಡಿಸುತ್ತೆ. "ಚಾಲ್ತಿಯಲ್ಲಿರುವ."

ನಿಲ್ಲದೇ ನಡೆದ ಸಂಘಗಳನ್ನೇ ನೋಡಿ "ಕಾರ್ಯಕ್ರಮ ಚೆನ್ನಾಗಿ ನಡೆದಿದೆ" ಅಂತ ವರದಿ ಬರೆಯೋದು ಅಂದ್ರೆ, ಪಾಸಾದ ಹುಡುಗರನ್ನಷ್ಟೇ ಕೇಳಿ ಶಾಲೆಗೆ ಅಂಕ ಕೊಟ್ಟ ಹಾಗೆ. ಸರ್ಕಾರದ ದುಡ್ಡು ಮುಚ್ಚಿಹೋದ ಸಂಘಗಳಿಗೂ ಹೋಗಿದೆ ಅಲ್ವಾ? ಸುತ್ತುನಿಧಿ ಮೊದಲಿಗೆ ಒಂದು ಸಂಘಕ್ಕೆ 5,000 ರೂಪಾಯಿ ಅಂತ ಕೊಟ್ಟಿದ್ದು. ಟ್ರಂಕು, ಪುಸ್ತಕ, ತರಬೇತಿ ಬೇರೆ. ಆ ಖರ್ಚನ್ನೂ ಲೆಕ್ಕಕ್ಕೆ ತಗೋಬೇಕು.

ಒಂದು ಉದಾಹರಣೆ ಹಿಡಿಯೋಣ, ಇದು ನಿಜವಾದ ಅಂಕಿ ಅಲ್ಲ, ತಿಳೀಲಿ ಅಂತ. ಒಟ್ಟು 100 ಸಂಘ ಆಗಿದ್ವು, 60 ನಡೀತಿವೆ, 40 ನಿಂತಿವೆ. ನಡೆಯೋ ಸಂಘಗಳಲ್ಲಿ ನೂರಕ್ಕೆ 80 ಹೆಂಗಸರು "ಬಡ್ಡಿ ಸಾವಕಾರನ ಹತ್ರ ಹೋಗೋದು ಬಿಟ್ಟಿದೀವಿ" ಅಂತಾರೆ. ನಿಂತ ಸಂಘಗಳಲ್ಲಿ 25 ಜನ ಹಾಗಂತಾರೆ. ನಿಮ್ಮ ಕರಡಿನ ಪ್ರಕಾರ ಹೋದರೆ ವರದಿಯಲ್ಲಿ ಶೇ. 80 ಅಂತ ಬರುತ್ತೆ. ಎಲ್ಲಾ ಸೇರಿಸಿದರೆ 48 ಮತ್ತು 10, ಅಂದ್ರೆ 58. ಇಷ್ಟು ಅಂತರ ಒಂದು ಪದದಿಂದ.

ಬೆಣ್ಣೆಹಳ್ಳ · ಸೋಮವಾರ ರಾತ್ರಿ 11:02

ಅಕ್ಕಾರೆ, ಇದು ನನಗೆ ಹೊಳದೇ ಇರಲಿಲ್ಲ. ಆದರೆ ಸಿಡಿಪಿಒ ಕಚೇರಿಗಳಿಂದ ಬರೋ ಪಟ್ಟಿನೇ ಚಾಲ್ತಿ ಸಂಘಗಳದ್ದು. ನಿಂತ ಸಂಘಗಳ ಪಟ್ಟಿ ಅಂತ ಯಾರ ಹತ್ರ ಇರ್ತದ?

ಮೆಣಸಿನಕಾಯಿ ತೋಟ (ಬ್ಯಾಡಗಿ) · ಮಂಗಳವಾರ ಬೆಳಿಗ್ಗೆ 6:15

ನಮಸ್ಕಾರ ರೀ. ನಾನು ಸಂಘದ ಅಧ್ಯಕ್ಷಿಣಿ ಅದೀನಿ. ನಮ್ಮ ಸಂಘಕ್ಕ ಮೌಲ್ಯಮಾಪನದಾಗ ಎ ಗ್ರೇಡ್ ಬರಬೇಕಂದ್ರ ಏನೇನು ದಾಖಲಿ ಇಟ್ಟಿರಬೇಕು? ಬ್ಯಾಂಕಿನ್ಯಾವ್ರು ಹೋದಸಲ ಬಂದಾಗ ಬಿ ಅಂದಾರ. ನಾವು ವಾರಾ ವಾರಾ ಸಭಿ ಮಾಡ್ತೀವಿ. ಸಾಲ ಎಲ್ಲಾ ಕಟ್ಟೇವಿ, ಒಂದು ಕಂತೂ ಬಿಟ್ಟಿಲ್ಲ. 14 ಮಂದಿ ಅದೀವಿ, ಅದರಾಗ 9 ಮಂದಿ ಬ್ಯಾರೆ ಸಂಘದಾಗೂ ಅದಾರ. ಇಲ್ಲಿ ಕಂತು ಬಂದಾಗ ಅಲ್ಲಿ ತಗೋತಾರ, ಅಲ್ಲಿ ಬಂದಾಗ ಫೈನಾನ್ಸಿನ್ಯಾವ್ರ ಕಡೆ. ಹಿಂಗಾಗಿ ನಮ್ಮದು ಬಾಕಿ ಅಂಬೋದೇ ಇಲ್ಲ.

ಸಪ್ತಾಪುರದ ಅಕ್ಕ · ಮಂಗಳವಾರ ಬೆಳಿಗ್ಗೆ 8:50

ತಂಗೀ, ನೀವು ಕೇಳ್ತಿರೋದು ಬೇರೆ. ಬ್ಯಾಂಕಿನವರು ಸಾಲ ಕೊಡೋ ಮುಂಚೆ ಸಂಘಕ್ಕೆ ಅಂಕ ಹಾಕ್ತಾರೆ, ಅದು ನಿಮ್ಮ ಪುಸ್ತಕ, ಸಭೆಯ ಹಾಜರಿ, ಉಳಿತಾಯ, ಮರುಪಾವತಿ ನೋಡಿ. ಇಲ್ಲಿ ಮಾತಾಡ್ತಿರೋದು ಸರ್ಕಾರದ ಕಾರ್ಯಕ್ರಮಕ್ಕೇ ಅಂಕ ಹಾಕೋದು. ನಿಮ್ಮ ಸಂಘಕ್ಕೆ ಇದರಿಂದ ಗ್ರೇಡೂ ಇಲ್ಲ, ತೊಂದರೆನೂ ಇಲ್ಲ. ನಿಮ್ಮ ಬ್ಯಾಂಕಿನ ಮ್ಯಾನೇಜರ್ ಹತ್ರ ಯಾವ ಅಂಶಕ್ಕೆ ಅಂಕ ಕಡಿಮೆ ಬಂತು ಅಂತ ಕೇಳಿ, ಹೇಳ್ತಾರೆ.

ಆದರೆ ನೀವು ಕೊನೆಗೆ ಹೇಳಿದ ಮಾತು ಬೆಣ್ಣೆಹಳ್ಳ ಅವರಿಗೆ ಚಿನ್ನದಂಥದ್ದು. ಬಾಕಿ ಇಲ್ಲ, ಮರುಪಾವತಿ ನೂರಕ್ಕೆ ನೂರು. ಪುಸ್ತಕ ನೋಡಿದ ಸಲಹಾಸಂಸ್ಥೆ "ಅತ್ಯುತ್ತಮ" ಅಂತ ಬರೆಯುತ್ತೆ. ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ಅಂತ ಸಂಘದ ಪುಸ್ತಕದಲ್ಲಿ ಎಲ್ಲೂ ಇರಲ್ಲ. ಅದು ಕಾಣೋದು ಮನೆ ಲೆಕ್ಕದಲ್ಲಿ. ಹಾಗಾಗಿ ಟಿಒಆರ್‌ನಲ್ಲಿ ಇದನ್ನ ಹೆಸರಿಟ್ಟು ಕೇಳಬೇಕು: ಕಳೆದ 12 ತಿಂಗಳಲ್ಲಿ ಆ ಮನೆಗೆ ಎಲ್ಲೆಲ್ಲಿಂದ ಸಾಲ ಬಂತು, ಎಷ್ಟು, ಯಾವ ತಿಂಗಳು, ಯಾವುದಕ್ಕೆ ಹೋಯ್ತು. ಸಂಘದ ಕಂತಿನ ವಾರಕ್ಕೆ ಸರಿಯಾಗಿ ಹೊರಗಿನ ಸಾಲ ಬರ್ತಾ ಇದ್ರೆ ಹೊಂದಿಸಿ ನೋಡಿದ ಕೂಡಲೇ ತಿಳಿಯುತ್ತೆ. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೂ ಈ ಪ್ರಶ್ನೆ ಇಲ್ಲದ ಸಂಘ ಅಧ್ಯಯನ ನಡೆದರೆ ನಗೆಪಾಟಲು.

ಮೆಣಸಿನಕಾಯಿ ತೋಟ · ಮಂಗಳವಾರ ಬೆಳಿಗ್ಗೆ 9:05

ಆತ್ರಿ ಅಕ್ಕಾರ. ಆದ್ರ ಇದನ್ನ ಬಂದವ್ರ ಮುಂದ ಯಾರೂ ಹೇಳಂಗಿಲ್ಲ. ಎಲ್ಲಾರೂ ಕೂತಾಗಂತೂ ಹೇಳಂಗೇ ಇಲ್ಲ.

ಬೈಕ್ ಮ್ಯಾಲಿನ ಸರ್ವೆ (ರಾಣೆಬೆನ್ನೂರು) · ಮಂಗಳವಾರ ಮಧ್ಯಾಹ್ನ 1:30

ನಾನು ಇಂಥ ಸಂಸ್ಥೆಗಳಿಗೆ ಫೀಲ್ಡ್ ಕೆಲಸ ಮಾಡ್ತೀನಿ, ದಿನಗೂಲಿ ಲೆಕ್ಕ. ಒಳಗಿನ ಮಾತು ಹೇಳ್ತೀನಿ, ಸಂಸ್ಥೆ ಹೆಸರು ಕೇಳಬ್ಯಾಡ್ರಿ.

ಟಿಒಆರ್ ಒಳಗ ಸಂಘದ ಪಟ್ಟಿ ಎಂಥಾದ್ದೇ ಕೊಡ್ರಿ, ಕೊನೀಗೆ ನಡೆಯೋದು ಬ್ಯಾರೆ. ನಮಗ ದಿನಕ್ಕ ಒಂದು ಸಂಘ ಮುಗಿಸಬೇಕು ಅಂತ ಗುರಿ ಇರ್ತದ. ಊರಿಗೆ ಹೋಗಿ ಕೇಳಿದ್ರ "ಆ ಸಂಘ ಈಗಿಲ್ರಿ" ಅಂತಾರ. ಮೇಲ್ವಿಚಾರಕರಿಗೆ ಫೋನ್ ಹಚ್ಚಿದ್ರ "ಅಲ್ಲೇ ಇನ್ನೊಂದು ಸಂಘ ನೋಡಿ ಮಾಡು" ಅಂತಾರ. ಟೀಚರಮ್ಮ ಒಳ್ಳೇ ಸಂಘಾನ ತೋರಿಸ್ತಾರ. ಅವರು ಚಾ ಕೊಡ್ತಾರ, ರೊಟ್ಟಿ ಮಷಿನ್ ತೋರಿಸ್ತಾರ, ಫೋಟೋ ತಗೊಂಡು ಬರ್ತೀವಿ. ಹಾಳಿ ಮ್ಯಾಲೆ ಸಂಘದ ಹೆಸರು ಬದಲಾಗಿದ್ದು ವರದಿಯೊಳಗ ಎಲ್ಲೂ ಇರಂಗಿಲ್ಲ.

ಒಂದು ಸಂಘದಾಗ ನಡಾವಳಿ ಪುಸ್ತಕ ನೋಡಿದ್ದೆ. ಎರಡು ವರ್ಷದ ಸಭೆಗಳು, ಒಂದೇ ನೀಲಿ ಪೆನ್ನು, ಒಂದೇ ಕೈಬರಹ, ಹೆಬ್ಬೆಟ್ಟು ಎಲ್ಲಾ ಒಂದೇ ದಪ್ಪದ ಮಸಿ. ಪುಟಾ ತಿರುವಿದಂಗ ಒಂದಕ್ಕೊಂದು ಅಂಟ್ಕೊಂಡು ಬರ್ತಿದ್ವು, ಮಸಿ ಇನ್ನೂ ಆರಿರಲಿಲ್ಲ. ನಮ್ಮ ಫಾರ್ಮಿನ್ಯಾಗ "ಪುಸ್ತಕ ನಿರ್ವಹಣೆ: ಇದೆ / ಇಲ್ಲ" ಅಂತ ಎರಡೇ ಡಬ್ಬಿ. "ಇದೆ"ಗೆ ಟಿಕ್ ಹಾಕಿ ಬಂದೆ.

ಟೀಚರ್ (ರೋಣ) · ಮಂಗಳವಾರ ಮಧ್ಯಾಹ್ನ 3:40

ಒಳ್ಳೇ ಸಂಘಾನ ತೋರಿಸ್ತಾರ ಅಂದ್ರಲ್ಲ ಸರ, ಮತ್ತೇನು ಮಾಡೋಣ್ರಿ? ನೀವು ಬರೋದು ಮುಂಜಾನೆ ಹನ್ನೊಂದಕ್ಕ, ಫೋನ್ ಮಾಡೋದು ಹತ್ತೂವರಿಗೆ. ಹೆಣ್ಮಕ್ಕಳು ಕಳೆ ತೆಗಿಯಾಕ ಹೊಲಕ್ಕ ಹೋಗಿರ್ತಾರ. ಮಕ್ಕಳನ್ನ ಬಿಟ್ಟು ನಾವು ಓಣಿ ಓಣಿ ತಿರುಗಿ ಯಾರು ಸಿಗ್ತಾರ ಅವರನ್ನ ಕರಕೊಂಡು ಬರ್ತೀವಿ. ಸಂಘಾ ಮಾಡು ಅಂದ್ರು, ಮಾಡಿದ್ವಿ. ಪುಸ್ತಕಾ ಬರಿ ಅಂದ್ರು, ಬರದ್ವಿ. ಸಂಘ ನಿಂತ್ರ ನಮ್ಮ ಮ್ಯಾಲೆ ಬರ್ತದ ಅಂತ ಅಂಜಿಕಿ. ನಿಂತ ಸಂಘದ ಸುದ್ದಿ ಯಾರು ತಾವಾಗೇ ಹೇಳ್ತಾರ?

ಬೈಕ್ ಮ್ಯಾಲಿನ ಸರ್ವೆ · ಮಂಗಳವಾರ ಮಧ್ಯಾಹ್ನ 3:52

ಟೀಚರ, ನಿಮ್ಮ ಮ್ಯಾಲೆ ತಪ್ಪು ಹಾಕಾಕ ಹೇಳ್ಲಿಲ್ರಿ. ಹತ್ತೂವರಿಗೆ ಫೋನ್ ಮಾಡೋದು ನಾನೇ. ಖರೇ ಐತಿ.

ಸಪ್ತಾಪುರದ ಅಕ್ಕ · ಮಂಗಳವಾರ ರಾತ್ರಿ 9:30

ಸರ್ವೆ ತಮ್ಮ ಹೇಳಿದ್ದನ್ನ, ಟೀಚರ್ ಹೇಳಿದ್ದನ್ನ ಜೊತೆಗಿಟ್ಟು ಓದಿ. ಟಿಒಆರ್ ಎಲ್ಲಿ ಸೋರುತ್ತೆ ಅಂತ ಇಬ್ಬರೂ ತೋರಿಸಿದಾರೆ.

ಮೊದಲು ಪಟ್ಟಿ. ಬೆಣ್ಣೆಹಳ್ಳ ಕೇಳಿದ್ರು, ನಿಂತ ಸಂಘದ ಪಟ್ಟಿ ಯಾರ ಹತ್ರ ಇರುತ್ತೆ ಅಂತ. ಆ ಹೆಸರಿನ ಪಟ್ಟಿ ಯಾರ ಹತ್ರನೂ ಇರಲ್ಲ. ಆದರೆ ದುಡ್ಡು ಬಿಡುಗಡೆ ಆದದ್ದಕ್ಕೆ ದಾಖಲೆ ಇರಲೇಬೇಕು. ಸುತ್ತುನಿಧಿ ಕೊಟ್ಟಾಗ ಸಿಡಿಪಿಒ ಕಚೇರಿಯ ನಗದು ಪುಸ್ತಕದಲ್ಲಿ, ವಿತರಣಾ ವಹಿಯಲ್ಲಿ ಸಂಘದ ಹೆಸರು, ಊರು, ಚೆಕ್ ನಂಬರು, ಸಹಿ ಇರುತ್ತೆ. ಆ ವಹಿಯಲ್ಲಿ ಸಂಘ ಸತ್ತಿದೆಯೋ ಬದುಕಿದೆಯೋ ಅನ್ನೋ ಭೇದ ಇಲ್ಲ. ದುಡ್ಡು ಹೋಗಿದ್ರೆ ಹೆಸರಿದೆ. ಅದೇ ನಿಮ್ಮ ಪಟ್ಟಿ ಆಗಬೇಕು. ಚಾಲ್ತಿ ಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಆರಿಸೋಕೆ ಅಲ್ಲ, ತಾಳೆ ನೋಡೋಕೆ.

ಹಾವೇರಿ ಜಿಲ್ಲೆಯ ಒಂದು ಊರಲ್ಲಿ ನಾವು ಇದನ್ನ ಮಾಡಿದ್ವಿ. ಇಲಾಖೆ ಕೊಟ್ಟ ಪಟ್ಟಿಯಲ್ಲಿ 7 ಸಂಘ. ವಿತರಣಾ ವಹಿಯಲ್ಲಿ 11. ಉಳಿದ ನಾಲ್ಕನ್ನ ಹುಡುಕೋಕೆ ಎರಡು ದಿನ ಹಿಡೀತು. ಹುಡುಕಿದ ಮೇಲೆ ಗೊತ್ತಾಯ್ತು, ನಾಲ್ಕೂ "ನಿಂತಿದ್ದು" ನಾಲ್ಕು ಥರ.

ಒಂದು ಸಂಘ ನಿಂತೇ ಇರಲಿಲ್ಲ. ಸಂಜೀವಿನಿ ಒಕ್ಕೂಟಕ್ಕೆ ಸೇರುವಾಗ ಹೆಸರು ಬದಲಾಗಿತ್ತು. ಪಾಸ್‌ಬುಕ್ ತರಿಸಿ ನೋಡಿದ್ರೆ ಖಾತೆ ನಂಬರು ಹಳೇದೇ, ರಬ್ಬರ್ ಸೀಲು ಮಾತ್ರ ಹೊಸದು. ಸ್ತ್ರೀಶಕ್ತಿ ಲೆಕ್ಕದಲ್ಲಿ ಸತ್ತದ್ದು, ಸಂಜೀವಿನಿ ಲೆಕ್ಕದಲ್ಲಿ ಹೊಸದಾಗಿ ಹುಟ್ಟಿದ್ದು. ಹೆಂಗಸರು ಅವರೇ.

ಎರಡನೇದು ಎಂಟು ವರ್ಷ ನಡೆದು, ಉಳಿತಾಯ, ಬಡ್ಡಿ ಎಲ್ಲಾ ಸಮನಾಗಿ ಹಂಚಿಕೊಂಡು, ದುರ್ಗವ್ವನ ಗುಡಿ ಮುಂದೆ ಹೋಳಿಗೆ ಊಟ ಮಾಡಿ ಮುಗಿಸಿದ್ರು. ಅದರ ಸದಸ್ಯೆ ಒಬ್ಬಾಕೆ ಆ ದುಡ್ಡಲ್ಲಿ ಎಮ್ಮೆ ತಗೊಂಡಿದ್ದನ್ನ ತೋರಿಸಿದ್ಲು. ಅದನ್ನ ಸೋಲು ಅಂತ ಹೇಗೆ ಬರೀತೀರಿ?

ಮೂರನೇದರಲ್ಲಿ ಲೆಕ್ಕ ಬರೀತಿದ್ದ ಒಬ್ಬಳೇ ಓದಿದ ಹುಡುಗಿ ಮದುವೆಯಾಗಿ ಹೋದಳು. ಆರು ತಿಂಗಳು ಪುಸ್ತಕ ಬರೆಯೋರಿಲ್ಲ, ಯಾರು ಎಷ್ಟು ಕಟ್ಟಿದ್ರು ಅಂತ ಜಗಳ, ಮುಗೀತು. ನಾಲ್ಕನೇದರಲ್ಲಿ ಇಬ್ಬರು ಪದಾಧಿಕಾರಿಗಳು ಸಾಲ ಎತ್ತಿ ಕಟ್ಟಲಿಲ್ಲ. ಉಳಿದವರು ಹೆದರಿ ಸಭೆಗೆ ಬರೋದು ಬಿಟ್ಟರು. ಈ ನಾಲ್ಕನೇ ಸಂಘದ ಹೆಂಗಸರನ್ನ ಮಾತಾಡಿಸೋಕೆ ಹೊತ್ತು ಮುಳುಗೋವರೆಗೂ ಕಾಯಬೇಕಾಯ್ತು. ಹಗಲು ಯಾರೂ ಬಾಯಿ ಬಿಡಲಿಲ್ಲ.

ಹಾಗಾಗಿ ಟಿಒಆರ್‌ನಲ್ಲಿ "ನಿಷ್ಕ್ರಿಯ ಸಂಘ" ಅಂತ ಒಂದೇ ಮೂಟೆ ಕಟ್ಟಬೇಡಿ. ಹೆಸರು ಬದಲಿಸಿದ್ದು, ಹಂಚಿಕೊಂಡು ಮುಗಿಸಿದ್ದು, ನಡೆಸೋರಿಲ್ಲದೆ ನಿಂತದ್ದು, ಹಣಕ್ಕಾಗಿ ಒಡೆದದ್ದು. ಈ ನಾಲ್ಕನ್ನಾದರೂ ಬೇರೆ ಬೇರೆ ಎಣಿಸಿ ಅಂತ ಬರೀರಿ. ಮೂರನೇ ಥರದ್ದು ಹೆಚ್ಚಿದ್ರೆ ಇಲಾಖೆ ಪುಸ್ತಕ ಬರಹಗಾರರಿಗೆ ದುಡ್ಡು ಹಾಕಬೇಕು. ನಾಲ್ಕನೇದು ಹೆಚ್ಚಿದ್ರೆ ಲೆಕ್ಕ ತಪಾಸಣೆಗೆ. ಎರಡೂ ಸೇರಿಸಿ ಎಣಿಸಿದ್ರೆ ಯಾವುದಕ್ಕೂ ಬರಲ್ಲ.

ಅಂಕಿಗಣಿತ · ಮಂಗಳವಾರ ರಾತ್ರಿ 10:05

ಪಟ್ಟಿ ವಿಷಯ ಒಪ್ಪಿದೆ ಮೇಡಂ. ಆದರೆ 384ಕ್ಕೆ ಏನು ತೊಂದರೆ? ಸೂತ್ರ ಸೂತ್ರನೇ ಅಲ್ವಾ?

ಸಪ್ತಾಪುರದ ಅಕ್ಕ · ಮಂಗಳವಾರ ರಾತ್ರಿ 10:40

ಸೂತ್ರ ಸರಿ, ಹಾಕಿದ ಜಾಗ ತಪ್ಪು. ಆ 384, ಜಿಲ್ಲೆಯ ಹೆಂಗಸರನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ ಒಬ್ಬೊಬ್ಬರನ್ನೇ ಎತ್ತಿದಾಗ. ನೀನು ಎತ್ತುತಿರೋದು ಸಂಘ ಸಂಘವಾಗಿ. ಒಂದೇ ಸಂಘದ ಹದಿನೈದು ಹೆಂಗಸರು ಒಂದೇ ಓಣಿಯವರು, ಒಬ್ಬರೇ ಅಧ್ಯಕ್ಷಿಣಿ, ಒಂದೇ ಬ್ಯಾಂಕ್. ಹೆಚ್ಚುಕಡಿಮೆ ಒಂದೇ ಮಾತು ಹೇಳ್ತಾರೆ. ಹದಿನೈದು ಜನರನ್ನ ಕೇಳಿದ್ರೂ ನಿನಗೆ ಸಿಕ್ಕಿದ್ದು ನಾಲ್ಕೈದು ಜನರಷ್ಟು ಸುದ್ದಿ. ಅದಕ್ಕೆ ಹಿಗ್ಗಿಸಬೇಕು:

```
ಹಿಗ್ಗಿಸುವ ಪ್ರಮಾಣ = 1 + (m − 1) × ρ
```

m ಅಂದ್ರೆ ಒಂದು ಸಂಘದಲ್ಲಿ ಎಷ್ಟು ಜನರನ್ನ ಕೇಳ್ತೀವಿ, ρ ಅಂದ್ರೆ ಅವರು ಎಷ್ಟು ಒಂದೇ ಥರ. ρ 0.15 ಅಂತ ಹಿಡಿ. ಹದಿನೈದು ಜನರನ್ನ ಕೇಳಿದ್ರೆ 3.1 ಪಟ್ಟು, ಅಂದ್ರೆ 1,191 ಹೆಂಗಸರು, 80 ಸಂಘ. ಐದೇ ಜನರನ್ನ ಕೇಳಿದ್ರೆ 1.6 ಪಟ್ಟು, 615 ಹೆಂಗಸರು, 123 ಸಂಘ. ಸಂದರ್ಶನ ಅರ್ಧ ಆಯ್ತು, ಸಂಘಗಳು ಒಂದೂವರೆ ಪಟ್ಟು ಆದವು. ನಮಗೆ ಬೇಕಾಗಿರೋದೂ ಅದೇ, ಯಾಕಂದ್ರೆ ನಿಂತವು, ನಡೆದವು ಎರಡೂ ಸಾಕಷ್ಟು ಸಿಗಬೇಕು. ಆ 0.15 ನನ್ನ ಅಂದಾಜು. ನಿಜವಾದದ್ದು ಎಷ್ಟು ಅಂತ ಪೂರ್ವ ಪರೀಕ್ಷೆಯಲ್ಲಿ ನೋಡಿ ಆರಂಭಿಕ ವರದಿಯಲ್ಲಿ ತಿದ್ದಬೇಕು ಅಂತಲೂ ಬರೀಬೇಕು.

10% ಅಂತೂ ಅರ್ಥವೇ ಇಲ್ಲದ್ದು. ನರಗುಂದದಂಥ ಸಣ್ಣ ತಾಲ್ಲೂಕಿಗೆ ಕಡಿಮೆ ಆಗುತ್ತೆ, ದೊಡ್ಡದಕ್ಕೆ ದಂಡ ಆಗುತ್ತೆ.

ಅಂಕಿಗಣಿತ · ಮಂಗಳವಾರ ರಾತ್ರಿ 10:58

ಸರಿ, 384 ಬಿಟ್ಟೆ. ಆದರೆ ನಿಯಂತ್ರಣ ಗುಂಪು ಇಲ್ಲದೆ "ಪರಿಣಾಮ" ಅನ್ನೋ ಪದ ಟಿಒಆರ್‌ನಲ್ಲಿ ಇಡೋದು ತಪ್ಪು ಅನ್ನೋದನ್ನ ನಾನು ಬಿಡಲ್ಲ.

ಸಪ್ತಾಪುರದ ಅಕ್ಕ · ಮಂಗಳವಾರ ರಾತ್ರಿ 11:10

ಅದು ನೀ ಹೇಳೋದು ಸರಿ. ಪದ ತೆಗೀರಿ. "ಕಾರ್ಯಕ್ರಮದಿಂದ ಆದಾಯ ಎಷ್ಟು ಹೆಚ್ಚಾಯಿತು" ಅಂತ ಕೇಳಿದ್ರೆ ಸಲಹಾಸಂಸ್ಥೆ ಹೇಗಾದ್ರೂ ಒಂದು ಅಂಕಿ ತಂದುಕೊಡುತ್ತೆ. ಇಪ್ಪತ್ತು ವರ್ಷದ ಹಿಂದೆ ನಿಮ್ಮ ಆದಾಯ ಎಷ್ಟಿತ್ತು ಅಂತ ಕೇಳಿದ್ರೆ ಯಾರಿಗೆ ನೆನಪಿರುತ್ತೆ? ಮೊದಲು ಸೇರಿದವರನ್ನ ತಡವಾಗಿ ಸೇರಿದವರ ಜೊತೆ ಹೋಲಿಸೋದು ಒಂದು ದಾರಿ. ಅದರಲ್ಲೂ ಕುಂದಿದೆ, ಮೊದಲು ಸೇರಿದವರು ಚುರುಕಿನವರೇ ಆಗಿರ್ತಾರೆ. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ.

ಟೆಂಡರ್ ಫೈಲು (ಧಾರವಾಡ) · ಬುಧವಾರ ಬೆಳಿಗ್ಗೆ 10:20

ಎಲ್ಲಾ ಬರೋಬ್ಬರಿ. ರೊಕ್ಕ ಯಾರು ಕೊಡ್ತಾರೆ ಅಂತ ಯಾರೂ ಕೇಳ್ಲಿಲ್ಲ.

123 ಸಂಘ ಅಂದ್ರೆ, ಮೂರರಲ್ಲಿ ಒಂದು ನಿಂತದ್ದು ಅಂತ ಹಿಡೀರಿ. 82 ನಡೆಯೋವು, 41 ನಿಂತವು. ನಡೆಯೋ ಸಂಘಕ್ಕೆ ಒಂದು ತಂಡಕ್ಕೆ ಒಂದು ದಿನ. ಅಕ್ಕಾರ ಲೆಕ್ಕದಲ್ಲಿ ನಾಲ್ಕಕ್ಕೆ ಎರಡು ದಿನ ಅಂದ್ರೂ ಅದು ಒಂದೇ ಊರು, ಬರೀ ಹುಡುಕಾಟ. ಮಾತಾಡಿಸೋದೂ ಸೇರಿದ್ರೆ ಒಂದೊಂದಕ್ಕೆ ಎರಡು ದಿನ ಇಡ್ರಿ. 82 ಮತ್ತು 82, ಒಟ್ಟು 164 ದಿನ. ನಾಲ್ಕು ತಂಡ ಇದ್ರೆ 41 ಕೆಲಸದ ದಿನ. ನಿಮ್ಮ ಕರಡಿನಲ್ಲಿ 30. ಹಂಗೇ ಟೆಂಡರ್ ಕರೆದ್ರೆ ಸಂಸ್ಥೆಗಳು ಒಪ್ಪಿಕೊಂಡು ಬರ್ತಾವ, ಆಮೇಲೆ ರಾಣೆಬೆನ್ನೂರಿನ ತಮ್ಮ ಹೇಳಿದ್ದೇ ಆಗ್ತದ: "ಅಲ್ಲೇ ಇನ್ನೊಂದು ಸಂಘ ನೋಡಿ ಮಾಡು."

ಬರೀ ಕಡಿಮೆ ದರಕ್ಕೆ ಕೊಡಬ್ಯಾಡ್ರಿ. ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಇಡೋ ಕ್ಯೂಸಿಬಿಎಸ್ ಪದ್ಧತಿ ಐತಿ. ತಾಂತ್ರಿಕ ಅಂಕದಲ್ಲಿ "ನಿಂತ ಸಂಘ ಹುಡುಕೋ ಯೋಜನೆ"ಗೆ ಬೇರೆ ಅಂಕ ಇಡ್ರಿ, ಆಗ ಅದನ್ನ ಓದಿ ಬರ್ತಾರೆ.

ಇನ್ನು ಹಣದ ಕಂತು. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರದ ಮಾದರಿಯಲ್ಲಿ ಸಾಮಾನ್ಯವಾಗಿ ಆರಂಭಿಕ ವರದಿ ಒಪ್ಪಿದ ಮೇಲೆ 30%, ಕರಡು ವರದಿ ಒಪ್ಪಿದ ಮೇಲೆ 50%, ಅಂತಿಮಕ್ಕೆ 20% ಇರ್ತದ. ನಡುವಿನ ಆ 50%ಗೆ ಒಂದು ಷರತ್ತು ಕಟ್ಟಿಬಿಡ್ರಿ. ಆರಿಸಿದ ಪ್ರತಿ ಸಂಘದ ಮುಂದೆ ಸಿಕ್ಕಿತೋ ಇಲ್ಲವೋ, ಎಷ್ಟು ಸಲ ಹೋದ್ರು, ಯಾವತ್ತು ಹೋದ್ರು, ಯಾಕೆ ಸಿಗಲಿಲ್ಲ ಅನ್ನೋ ಪಟ್ಟಿ ಇಲ್ಲದೆ ಕರಡು ವರದಿ ಸ್ವೀಕಾರ ಇಲ್ಲ. ಬಿಲ್ಲು ನಿಂತ್ರೆ ಎಲ್ಲಾ ನೆಟ್ಟಗಾಗ್ತದ.

ಬೈಕ್ ಮ್ಯಾಲಿನ ಸರ್ವೆ · ಬುಧವಾರ ಮಧ್ಯಾಹ್ನ 2:10

ಷರತ್ತು ಹಾಕ್ರಿ, ಛಲೋ. ಆದ್ರ ನಮ್ಮ ಗುರಿಯೊಳಗ ನಿಂತ ಸಂಘ ಹುಡುಕಿದ್ದನ್ನೂ "ಒಂದು ಸಂಘ" ಅಂತ ಎಣಿಸಲಿ ಅಂತ ಬರೀರಿ. ಸಿಗದ ಸಂಘಕ್ಕ ಕೂಲಿ ಇಲ್ಲ ಅಂದ್ರ ಯಾರೂ ಹುಡುಕಂಗಿಲ್ಲ.

ಇನ್ನೊಂದು. ಮುಂಡರಗಿ, ಗಜೇಂದ್ರಗಡದ ಕಡೆ ಹಿಂಗಾರಿ ರಾಶಿ ಆದ ಮ್ಯಾಲೆ ಹೋಗಬ್ಯಾಡ್ರಿ. ಗೋವಾ, ಮಂಗಳೂರು ಅಂತ ದುಡಿಯಾಕ ಹೋಗಿರ್ತಾರ, ಮನಿಗೆ ಕೀಲಿ. ಸಿಗೋರು ಹೊಲಾ ಇದ್ದವ್ರು, ವಯಸ್ಸಾದವ್ರು ಅಷ್ಟೇ. ಅವರನ್ನಷ್ಟೇ ಕೇಳಿದ್ರ ಮತ್ತ ಅದೇ ತಪ್ಪು.

ಟೀಚರ್ · ಬುಧವಾರ ಮಧ್ಯಾಹ್ನ 3:50

ಸಂದರ್ಶನ ಮಾಡುವಾಗ ಟೀಚರ್ ಇರಬಾರದು ಅಂತ ಬರೀತೀರಂತ ಅನ್ನಿಸ್ತದ. ನಾವು ಇಲ್ಲಂದ್ರ ಯಾರೋ ಗಂಡಸ ಹುಡುಗ ಬೈಕ್ ಮ್ಯಾಲೆ ಬಂದು "ನಿಮ್ಮ ಸಾಲ ಎಷ್ಟ್ರಿ" ಅಂದ್ರ ಫೈನಾನ್ಸಿನ್ಯಾವ ಬಂದಾನ ಅಂತ ಬಾಗಲಾ ಹಾಕ್ಕೊತಾರ. ಬೇಕಾದ್ರ ಪರಿಚಯ ಮಾಡಿಸಿ ಎದ್ದು ಹೋಗ್ತೀವಿ.

ಸಪ್ತಾಪುರದ ಅಕ್ಕ · ಬುಧವಾರ ರಾತ್ರಿ 8:45

ಟೀಚರ್ ಹೇಳಿದಂಗೇ ಬರೆದುಬಿಡಿ. ಪರಿಚಯ ಮಾಡಿಸೋದು ಅವರು, ಕೂರೋದು ಇಲ್ಲ. ಸಾಲದ ಪ್ರಶ್ನೆ ಮನೆಯಲ್ಲಿ, ಒಬ್ಬೊಬ್ಬರಿಗೆ, ಹೆಣ್ಣು ಸಂದರ್ಶಕಿಯಿಂದ. ಬ್ಯಾಡಗಿಯ ತಂಗಿ ಮೊದಲೇ ಹೇಳಿದ್ಲು, ಎಲ್ಲಾ ಕೂತಾಗ ಹೇಳಲ್ಲ ಅಂತ. ಟೀಚರ್ ಇಲ್ಲದಿದ್ರೂ ಊರಲ್ಲಿ ಸಂಜೆ ಹೊತ್ತಿಗೆ ಎಲ್ಲಾ ಅವರಿಗೆ ಗೊತ್ತಾಗುತ್ತೆ ಅನ್ನೋದೂ ನಿಜ, ಅದಕ್ಕೆ ಟಿಒಆರ್‌ನಲ್ಲಿ ಮದ್ದಿಲ್ಲ.

ಪುಸ್ತಕಕ್ಕೆ "ಇದೆ / ಇಲ್ಲ" ಡಬ್ಬಿ ಬೇಡ. ಕಳೆದ 12 ತಿಂಗಳ ಉಳಿತಾಯ, ಪುಸ್ತಕದಲ್ಲಿ ಎಷ್ಟು, ಪಾಸ್‌ಬುಕ್‌ನಲ್ಲಿ ಎಷ್ಟು, ತಿಂಗಳುವಾರು ಎರಡು ಸಾಲು. ಒಂದೇ ರಾತ್ರಿ ಕೂತು ಪುಸ್ತಕ ಬರೀಬಹುದು, ಬ್ಯಾಂಕಿನ ಪಾಸ್‌ಬುಕ್ ಹಾಗೆ ಬರೆಯೋಕೆ ಆಗಲ್ಲ.

ಬೆಣ್ಣೆಹಳ್ಳ · ಶುಕ್ರವಾರ ರಾತ್ರಿ 9:15

ಎಲ್ಲರಿಗೂ ಶರಣು. 47 ಪ್ರಶ್ನೆ 11ಕ್ಕೆ ಇಳಿದಿವೆ, 9 ಉದ್ದೇಶ 3ಕ್ಕೆ. ಮಾದರಿ ಭಾಗ ಈಗ ಹಿಂಗಿದೆ, ತಪ್ಪಿದ್ರೆ ಹೇಳಿ:

"ಸಂಘಗಳ ಆಯ್ಕೆಗೆ ಸುತ್ತುನಿಧಿ ವಿತರಣಾ ವಹಿಯೇ ಆಧಾರ. ಸಂಘವು ಈಗ ನಡೆಯುತ್ತಿರಲಿ, ಇಲ್ಲದಿರಲಿ, ವಹಿಯಲ್ಲಿ ಹೆಸರಿರುವ ಪ್ರತಿ ಸಂಘಕ್ಕೂ ಆಯ್ಕೆಯಾಗುವ ಸಮಾನ ಅವಕಾಶವಿರಬೇಕು. ಆಯ್ಕೆಯಾದ ಸಂಘಕ್ಕೆ ಬದಲಿ ಸಂಘವನ್ನು ತೆಗೆದುಕೊಳ್ಳುವಂತಿಲ್ಲ. ಸಂಘ ನಿಂತಿದ್ದಲ್ಲಿ ಅದರ ಕನಿಷ್ಠ 5 ಮಾಜಿ ಸದಸ್ಯೆಯರನ್ನು ಭೇಟಿ ಮಾಡಿ, ನಿಂತ ಬಗೆಯನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಬೇರೆ ಬೇರೆ ದಿನ ಮೂರು ಬಾರಿ ಪ್ರಯತ್ನಿಸಿದ ನಂತರವೂ ಸಿಗದಿದ್ದಲ್ಲಿ ಮಾತ್ರ 'ಪತ್ತೆಯಾಗಿಲ್ಲ' ಎಂದು ನಮೂದಿಸಬೇಕು. ಈ ವಿವರಪಟ್ಟಿ ಇಲ್ಲದ ಕರಡು ವರದಿಯನ್ನು ಸ್ವೀಕರಿಸಲಾಗುವುದಿಲ್ಲ."

ಸಾಹೇಬರು ಓದಿ, "ಸತ್ತ ಸಂಘ ಹುಡುಕಾಕ ನಾವ್ಯಾಕ ರೊಕ್ಕ ಕೊಡಬೇಕೋ?" ಅಂದ್ರು. 80 ಮತ್ತು 58ರ ಲೆಕ್ಕ ಹಾಳಿ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಪೇಪರ್‌ನ್ಯಾಗ ಬಂದ್ರ?" ಅಂದ್ರು. ಹೂಂ ಅಂದಿಲ್ಲ, ಊಂಹೂಂ ಅಂದಿಲ್ಲ. ಫೈಲು ಅವರ ಮೇಜಿನ ಮೇಲೇ ಐತಿ. ಕ್ಷೇತ್ರಕಾರ್ಯದ ದಿನ ಮಾತ್ರ 45ಕ್ಕೆ ಒಪ್ಪಿದಾರೆ.

ಇನ್ನೊಂದು ತೊಡಕು. ಒಂದು ತಾಲ್ಲೂಕಿನಲ್ಲಿ ಮೊದಲ ಮೂರ್ನಾಲ್ಕು ವರ್ಷದ ವಿತರಣಾ ವಹಿ ಸಿಗ್ತಾ ಇಲ್ಲ. ಕಚೇರಿ ಸ್ಥಳಾಂತರ ಆದಾಗ ಮಳೆಗೆ ತೊಯ್ದು ಹೋಯ್ತು ಅಂತಾರೆ. ಆ ವರ್ಷದ ಸಂಘಗಳನ್ನ ಎಲ್ಲಿಂದ ತರೋದು?

ಟೆಂಡರ್ ಫೈಲು · ಶುಕ್ರವಾರ ರಾತ್ರಿ 9:40

ಬ್ಯಾಂಕಿಗೆ ಪತ್ರ ಬರೀರಿ, ಆ ವರ್ಷ ತೆರೆದ ಸಂಘದ ಉಳಿತಾಯ ಖಾತೆಗಳ ಪಟ್ಟಿ ಕೇಳ್ರಿ. ಶಾಖೆಗಳು ವಿಲೀನ ಆಗ್ಯಾವ, ತಡ ಆಗ್ತದ. ಆದ್ರೂ ಕೇಳ್ರಿ.

ಟೀಚರ್ · ಶುಕ್ರವಾರ ರಾತ್ರಿ 10:05

ಯಾವ ತಾಲ್ಲೂಕು ಅಂತ ನೀವು ಹೇಳ್ಲಿಲ್ಲ, ನನಗ ಗೊತ್ತಾತು ಬಿಡ್ರಿ. ಆವಾಗ ಸಂಘಾ ಕಟ್ಟಿದ ಟೀಚರ್‌ಗಳು ಇನ್ನೂ ಭಾಳ ಮಂದಿ ಅದೀವಿ. ನನ್ನ ಅಂಗನವಾಡಿ ಟ್ರಂಕಿನ್ಯಾಗ ಮೊದಲನೇ ವರ್ಷದ ಹಾಜರಿ ಪಟ್ಟಿ ಐತಿ, ಐದು ಸಂಘದ್ದು. ಅದರಾಗ ಮೂರು ಈಗಿಲ್ಲ. ಹೆಸರು, ಮನೀ, ಯಾರ ಮಗಳು ಎಲ್ಲಿಗೆ ಕೊಟ್ಟಾರ ಅನ್ನೋದೂ ಹೇಳ್ತೀನಿ. ಆದ್ರ ಆ ಮೂರು ನಿಂತಿದ್ದಕ್ಕ ನನಗ ನೋಟೀಸ್ ಬರಂಗಿಲ್ಲ ಅಂತ ನಿಮ್ಮ ಸಾಹೇಬರ ಕಡಿಂದ ಒಂದು ಕಾಗದ ಬರಿಸಿಕೊಂಡು ಬರ್ರಿ. ಸೋಮವಾರ ಮಕ್ಕಳ ಊಟ ಆದ ಮ್ಯಾಲೆ ಬಂದ್ರ ಟ್ರಂಕಿನ ಕೀಲಿ ತಗೀತೀನಿ.